ರವೀಂದ್ರ ಮಾಡಬೇಕಾದ್ದು

ಶಿರಸಿಯ ಆ ಸೋಲಾರ್ ಕಂಪನಿಯ ಶಾಖೆಯಲ್ಲಿ ಹದಿನಾಲ್ಕು ಜನ ಕೆಲಸಕ್ಕಿದ್ದರು. ಮನೆಗಳಿಗೆ ದೀಪ, ಅಂಗಡಿಗಳಿಗೆ ಇನ್ವರ್ಟರ್, ಕಾಡಿನ ಅಂಚಿನ ಆರೋಗ್ಯ ಕೇಂದ್ರಗಳಿಗೆ ಲಸಿಕೆ ಇಡುವ ಫ್ರಿಜ್ಜು ಇವನ್ನೆಲ್ಲ ಹಾಕುವುದು, ಕೆಟ್ಟರೆ ಸರಿ ಮಾಡುವುದು ಅವರ ಕೆಲಸ. ಶಾಖೆಯ ಮ್ಯಾನೇಜರ್ ರವೀಂದ್ರ ಬನವಾಸಿ ಕಡೆಯವನು. ನಲವತ್ತಾರು ವಯಸ್ಸು. ಮೊದಲು ಮಾರಾಟದಲ್ಲಿದ್ದು ಆಮೇಲೆ ಮ್ಯಾನೇಜರ್ ಆದವನು. ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

ಯಲ್ಲಾಪುರ ತಾಲೂಕಿನ ರಿಪೇರಿ ಕೆಲಸವೆಲ್ಲ ಅನುಶ್ರೀಯದು. ಅವಳು ನಿಲ್ಕುಂದದ ಕೆರಿಯಪ್ಪನ ಮಗಳು. ಡಿಪ್ಲೊಮಾ ಮುಗಿಸಿ ಇಪ್ಪತ್ತಮೂರನೆಯ ವಯಸ್ಸಿಗೆ ಕೆಲಸಕ್ಕೆ ಸೇರಿದ್ದಳು. ಈಗ ಆರು ವರ್ಷವಾಗಿತ್ತು. ಯಲ್ಲಾಪುರದಲ್ಲಿ ಒಂದು ಬಾಡಿಗೆ ಕೋಣೆ, ಕಂಪನಿ ಕೊಟ್ಟ ಸ್ಕೂಟರು, ಹಿಂದೆ ಕಟ್ಟಿದ ಟೂಲ್ಸ್ ಚೀಲ. ಹೊಸ ಊರಿಗೆ ಹೋದರೆ ಜನ ಮೊದಲು ಅವಳ ಹಿಂದೆ ಬೇರೆ ಯಾರಾದರೂ ಬರುತ್ತಿದ್ದಾರೋ ಎಂದು ನೋಡುತ್ತಿದ್ದರು. ಅವಳು ಏಣಿ ಹತ್ತಿದ ಮೇಲೆ ಸುಮ್ಮನಾಗುತ್ತಿದ್ದರು.

ಹಿಂದಿನ ವರ್ಷ ಹುಬ್ಬಳ್ಳಿಯ ಮುಖ್ಯ ಕಚೇರಿಯಿಂದ ಒಂದು ಹೊಸ ಪದ್ಧತಿ ಬಂದಿತ್ತು. ಸರ್ವಿಸ್ ವಿಭಾಗದ ಮುಖ್ಯಸ್ಥೆ ವೇದಾ ಅವರು ಎಲ್ಲ ಮ್ಯಾನೇಜರುಗಳನ್ನು ಕೂರಿಸಿಕೊಂಡು ಕಲಿಸಿದ್ದರು. ಹದಿನೈದು ದಿನಕ್ಕೊಮ್ಮೆ ಪ್ರತಿಯೊಬ್ಬ ಸಿಬ್ಬಂದಿಯ ಜೊತೆ ಮ್ಯಾನೇಜರ್ ಅರ್ಧ ಗಂಟೆ ಕೂತು ಮಾತಾಡಬೇಕು, ಇಬ್ಬರೇ. ಹಿಂದಿನ ದಿನವೇ ಇಬ್ಬರೂ ತಮ್ಮ ತಮ್ಮ ವಿಷಯಗಳನ್ನು ಕಂಪ್ಯೂಟರಿನಲ್ಲಿ ಇಬ್ಬರಿಗೂ ಕಾಣುವ ಒಂದೇ ಕಡತದಲ್ಲಿ ಬರೆದಿಡಬೇಕು. ಸಿಬ್ಬಂದಿಯ ವಿಷಯ ಮೊದಲು, ಮ್ಯಾನೇಜರನದು ಆಮೇಲೆ. ಮಾತು ಮುಗಿದ ಒಂದು ದಿನದೊಳಗೆ ಮ್ಯಾನೇಜರ್ ಅದೇ ಕಡತದಲ್ಲಿ ನೋಟ್ ಬರೆಯಬೇಕು. ನೋಟಿನಲ್ಲಿ ಎರಡು ಪಟ್ಟಿ. ಸಿಬ್ಬಂದಿ ಏನು ಮಾಡುತ್ತೇನೆ ಅಂದರು, ಯಾವ ತಾರೀಖಿಗೆ. ಮ್ಯಾನೇಜರ್ ಏನು ಮಾಡುತ್ತೇನೆ ಅಂದರು, ಯಾವ ತಾರೀಖಿಗೆ. ಸಿಬ್ಬಂದಿ ಓದಿ ‘ಸರಿ’ ಎಂದು ಬರೆದರೆ ನೋಟು ಪಕ್ಕಾ. ಮುಂದಿನ ಸಲ ಕೂತಾಗ ಮೊದಲ ಕೆಲಸವೇ ಆ ಎರಡೂ ಪಟ್ಟಿ ಓದುವುದು.

“ಒಂದು ಸಾಲನ್ನ ಆಯ್ತು ಅಂತ ಬರೀಬಹುದು, ಆಗಲಿಲ್ಲ ಅಂತ ಬರೀಬಹುದು, ಬೇಡ ಅಂತ ಇಬ್ಬರೂ ಒಪ್ಪಿ ಕೈಬಿಡಬಹುದು. ಆದರೆ ಒಬ್ಬರೇ ಅಳಿಸೋ ಹಾಗಿಲ್ಲ,” ಎಂದು ವೇದಾ ಅವರು ಹೇಳಿದ್ದರು. ರವೀಂದ್ರ ಅದನ್ನು ಡೈರಿಯಲ್ಲಿ ಬರೆದುಕೊಂಡಿದ್ದ.

ಅನುಶ್ರೀಗೆ ಈ ಪದ್ಧತಿ ಹಿಡಿಸಿತು. ಅವಳು ವಾರ ಬಿಟ್ಟು ವಾರ ಶುಕ್ರವಾರ ಬಿಡಿಭಾಗ ಒಯ್ಯಲು ಯಲ್ಲಾಪುರದಿಂದ ಬಸ್ಸಿನಲ್ಲಿ ಶಿರಸಿಗೆ ಬರುತ್ತಿದ್ದಳು. ಮೂರು ಗಂಟೆಗೆ ರವೀಂದ್ರನ ಕೋಣೆಯಲ್ಲಿ ಭೇಟಿ. ಅವಳ ಪಟ್ಟಿಯಲ್ಲಿ ಐದಾರು ಸಾಲಿರುತ್ತಿದ್ದವು. ಬಾಕಿ ದೂರುಗಳನ್ನು ಮುಗಿಸುವುದು, ಮಾಡಿದ ರಿಪೇರಿಯ ವಿವರದ ಜಾಬ್ ಕಾರ್ಡನ್ನು ಅದೇ ದಿನ ಮೊಬೈಲಿನಲ್ಲಿ ತುಂಬುವುದು, ಹೊಸ ಹುಡುಗ ಸುನೀಲನಿಗೆ ಬ್ಯಾಟರಿ ಪರೀಕ್ಷೆ ಮಾಡುವುದನ್ನು ಕಲಿಸುವುದು. ಮುಂದಿನ ಭೇಟಿಗೆ ಎಲ್ಲದರ ಮುಂದೆ ‘ಆಯ್ತು’ ಇರುತ್ತಿತ್ತು. ರವೀಂದ್ರ ಅದನ್ನು ಗಟ್ಟಿಯಾಗಿ ಓದುತ್ತಿದ್ದ, ಖುಷಿಪಡುತ್ತಿದ್ದ. ತನ್ನ ಪಟ್ಟಿ ಬಂದಾಗ ಮಾತ್ರ “ಇದು ನಡದೈತಿ, ಇದೂ ನಡದೈತಿ” ಎಂದು ಬೇಗ ಬೇಗ ಕೆಳಗಿಳಿಯುತ್ತಿದ್ದ. ಅನುಶ್ರೀ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ತಡವಾದರೂ ಸಾಲು ಅಲ್ಲೇ ಇರುತ್ತದಲ್ಲ ಎಂಬ ಧೈರ್ಯ ಅವಳಿಗೆ.

ಜೂನ್ ಆರರ ಭೇಟಿಯಲ್ಲಿ ಅವಳು ಒಂದೇ ವಿಷಯವನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದಳು. ಸೇವಾ ಮೇಲ್ವಿಚಾರಕರ ತರಬೇತಿ. ಹುಬ್ಬಳ್ಳಿಯಲ್ಲಿ ಆರು ತಿಂಗಳು. ಮುಗಿಸಿದವರಿಗೆ ಮೂರು ತಾಲೂಕಿನ ರಿಪೇರಿ ಕೆಲಸದ ಉಸ್ತುವಾರಿ. ಶಾಖೆಯಿಂದ ಒಂದು ಹೆಸರು, ಮ್ಯಾನೇಜರನ ಶಿಫಾರಸು ಪತ್ರ ಕಡ್ಡಾಯ, ಜೂನ್ ಮೂವತ್ತು ಕಡೆಯ ದಿನ.

“ಸರ್, ನನ್ನ ಹೆಸರು ಕಳಿಸ್ತೀರಾ?” ಎಂದು ಕೇಳಿದಳು. “ಹತ್ತು ವರ್ಷ ಏಣಿ ಹತ್ತಲಿಕ್ಕೆ ಆಗ್ತದೆ. ಇಪ್ಪತ್ತು ವರ್ಷ ಆಗೂದಿಲ್ಲ. ಕಲಿತದ್ದನ್ನ ಬೇರೆಯವರಿಗೆ ಕಲಿಸ್ಬೇಕು ಅಂತ ನನಗೆ.”

“ನಿಮ್ಮ ಬಿಟ್ರ ಮತ್ಯಾರದು ಕಳಸ್ಲಿ ಹೇಳ್ರಿ,” ಎಂದ ರವೀಂದ್ರ. “ಇಪ್ಪತ್ತರೊಳಗ ಪತ್ರ ಹೋಗಿರ್ತೈತಿ.”

ಅವನ ಮಾತಿನಲ್ಲಿ ಮೋಸವಿರಲಿಲ್ಲ. ಅಂದು ಸಂಜೆ ನೋಟು ಬರೆಯುವಾಗ ತನ್ನ ಪಟ್ಟಿಯಲ್ಲಿ ಮೊದಲ ಸಾಲಾಗಿ ಬರೆದ: ‘ಅನುಶ್ರೀಯವರ ಶಿಫಾರಸು ಪತ್ರ ಮುಖ್ಯ ಕಚೇರಿಗೆ ಕಳಿಸುವುದು. ಜೂನ್ 20.’ ಅವಳು ಕೆಳಗೆ ‘ಸರಿ ಸರ್’ ಎಂದು ಬರೆದಳು.

ಇಪ್ಪತ್ತಕ್ಕೆ ಪತ್ರ ಆಗಿರಲಿಲ್ಲ. ಅಂದಿನ ಭೇಟಿಯಲ್ಲಿ ಅವನೇ ತಾರೀಖು ತಿದ್ದಿ ಇಪ್ಪತ್ತೇಳು ಮಾಡಿದ. ಅವಳು ಒಪ್ಪಿದಳು. ಇನ್ನೂ ಮೂರು ದಿನ ಕೈಯಲ್ಲಿರುತ್ತದಲ್ಲ ಅಂದುಕೊಂಡಳು.

ಇಪ್ಪತ್ತೇಳನೆಯ ತಾರೀಖು ಬೆಳಿಗ್ಗೆ ರವೀಂದ್ರ ಪತ್ರ ಬರೆಯಲು ಕೂತ. ನಾಲ್ಕು ಸಾಲು ಬರೆದಿದ್ದ. ಅಷ್ಟರಲ್ಲಿ ಯಲ್ಲಾಪುರ ಕಡೆಯ ಒಂದು ಆರೋಗ್ಯ ಕೇಂದ್ರದಿಂದ ಫೋನು. ಸಿಡಿಲಿಗೆ, ಬ್ಯಾಟರಿಗೆ ಹೋಗುವ ಕರೆಂಟನ್ನು ಹದಮಾಡುವ ಚಾರ್ಜ್ ಕಂಟ್ರೋಲರ್ ಸುಟ್ಟು ಲಸಿಕೆಯ ಫ್ರಿಜ್ಜು ನಿಂತಿತ್ತು. ಅದರೊಳಗಿನ ಶಾಖ ಎಂಟು ಡಿಗ್ರಿ ದಾಟಿದರೆ ಲಸಿಕೆ ಹಾಳು. ರವೀಂದ್ರ ಅನುಶ್ರೀಗೆ ಫೋನು ಮಾಡಿದ. ಮುಕ್ಕಾಲು ಗಂಟೆಯಲ್ಲಿ ಅವಳು ಅಲ್ಲಿದ್ದಳು. ಇನ್ನೊಂದು ಮುಕ್ಕಾಲು ಗಂಟೆಯಲ್ಲಿ ಬೇರೆ ಕಂಟ್ರೋಲರ್ ಕೂರಿಸಿ, ಫ್ರಿಜ್ಜಿನೊಳಗಿನ ಥರ್ಮಾಮೀಟರಿನ ಫೋಟೊ ಕಳಿಸಿದಳು. ಆರು ಡಿಗ್ರಿ.

ರವೀಂದ್ರ ಆ ಫೋಟೊ ನೋಡುತ್ತ ಕೂತ. ಇವಳು ಆರು ತಿಂಗಳು ಹುಬ್ಬಳ್ಳಿಗೆ ಹೋದರೆ ಇಂಥ ಫೋನು ಬಂದಾಗ ಯಾರನ್ನು ಕಳಿಸುವುದು? ಸುನೀಲನನ್ನೇ? ಅವನಿಗೆ ಇನ್ನೂ ವೈರಿನ ಬಣ್ಣ ತಿಳಿಯುವುದಿಲ್ಲ. ಶಾಖೆ ಸತತ ಎರಡು ವರ್ಷ ಸರ್ವಿಸಿನಲ್ಲಿ ಮೊದಲು ಬಂದದ್ದು ಯಾರಿಂದ ಎಂದು ಅವನಿಗೆ ಗೊತ್ತಿತ್ತು. ಮಧ್ಯಾಹ್ನ ನೋಡೋಣ ಎಂದು ಪತ್ರವನ್ನು ಹಾಗೇ ಬಿಟ್ಟ. ಮಧ್ಯಾಹ್ನ ಬೇರೆ ಕೆಲಸ ಬಂತು. ಶನಿವಾರ ಬಂತು, ಸೋಮವಾರವೂ ಬಂತು. ಆ ಸೋಮವಾರವೇ ಮೂವತ್ತು. ಸಂಜೆ ಐದರ ತನಕ ಪತ್ರ ಅವನ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ಮರೆತೆ ಎಂದು ಆಮೇಲೆ ಅವನು ತನಗೇ ಎಷ್ಟೋ ಸಲ ಹೇಳಿಕೊಂಡ. ಆದರೆ ಮರೆತಿರಲಿಲ್ಲ.

ಜುಲೈ ನಾಲ್ಕರಂದು ಅನುಶ್ರೀಗೆ ಶಿರಸಿಗೆ ಬರಲಾಗಲಿಲ್ಲ. ಹೆದ್ದಾರಿಯ ಬದಿಯ ಒಂದು ಮರದ ಮಿಲ್ಲಿನಲ್ಲಿ ಇನ್ವರ್ಟರ್ ಕೆಲಸವಿತ್ತು. ಫೋನಿನಲ್ಲೇ ಹತ್ತು ನಿಮಿಷ ಮಾತಾಡಿದರು. ಲಾರಿಗಳ ಸದ್ದಿನ ನಡುವೆ ಅವಳು, “ಸರ್, ಅದು ತರಬೇತಿದು ಎಂತ ಆಯ್ತು?” ಎಂದಳು.

“ಆ ವಿಷಯ ನಾ ಮುಖ್ಯ ಕಚೇರಿ ಜೋಡಿ ಮಾತಾಡ್ತೀನ್ರಿ. ಚಿಂತಿ ಮಾಡಬ್ಯಾಡ್ರಿ,” ಎಂದ ರವೀಂದ್ರ.

ಅಂದು ಸಂಜೆ ನೋಟು ಬರೆಯಲು ಕಡತ ತೆರೆದ. ಹಿಂದಿನ ನೋಟಿನಿಂದ ಇಳಿದು ಬಂದ ತನ್ನ ಪಟ್ಟಿಯ ಮೊದಲ ಸಾಲು ಅಲ್ಲೇ ಕೂತಿತ್ತು. ಅದರ ಮುಂದೆ ‘ಆಗಲಿಲ್ಲ’ ಎಂದು ಬರೆಯಬೇಕಿತ್ತು. ಬರೆದರೆ ಯಾಕೆ ಎಂದು ಅವಳು ಕೇಳುತ್ತಾಳೆ. ಅವನು ಆ ಸಾಲನ್ನು ಅಳಿಸಿ ಬೇರೆ ಬರೆದ: ‘ಮೇಲ್ವಿಚಾರಕರ ತರಬೇತಿಯ ಕುರಿತು ಮುಖ್ಯ ಕಚೇರಿಯೊಂದಿಗೆ ಮಾತಾಡುವುದು. ಸಮಯ ನೋಡಿ.’ ಪತ್ರದ ಸುದ್ದಿಯೂ ಇಲ್ಲ, ತಾರೀಖೂ ಇಲ್ಲ.

ಪತ್ರ ಹೋಗಿದೆ, ಈಗ ಮುಂದಿನ ಮಾತು ನಡೆದಿದೆ ಎಂದು ಅನುಶ್ರೀ ತಿಳಿದಳು. ಸ್ಕೂಟರನ್ನು ರಸ್ತೆಬದಿಗೆ ನಿಲ್ಲಿಸಿ ಮೊಬೈಲಿನಲ್ಲಿ ‘ಸರಿ ಸರ್’ ಎಂದು ಬರೆದಳು.

ಮುಂದಿನ ಎರಡು ಭೇಟಿಗಳಲ್ಲಿ ರವೀಂದ್ರ ಆ ಸಾಲಿಗೆ ಬಂದಾಗ “ನಡದೈತಿ” ಎಂದ. ಆಗಸ್ಟ್ ಹದಿನೈದು ರಜೆ. ಅದರ ಮುಂದಿನ ವಾರ ತರಬೇತಿಗೆ ಆಯ್ಕೆಯಾದವರ ಪಟ್ಟಿ ಎಲ್ಲ ಶಾಖೆಗಳಿಗೂ ಬಂತು. ಒಂಬತ್ತು ಹೆಸರು. ಅನುಶ್ರೀ ಎರಡು ಸಲ ಓದಿದಳು. ತನಗಿಂತ ಒಳ್ಳೆಯವರು ಸಿಕ್ಕಿರಬಹುದು ಎಂದುಕೊಂಡು, ಎಲ್ಲಿ ಕಡಿಮೆ ಬಿದ್ದೆ ಎಂದು ತಿಳಿಯಲು ವೇದಾ ಅವರಿಗೆ ಫೋನು ಮಾಡಿದಳು.

ವೇದಾ ಅವರು ಸ್ವಲ್ಪ ಹೊತ್ತು ಹುಡುಕಿ, “ಶಿರಸಿಯಿಂದ ಯಾವ ಹೆಸರೂ ಬಂದಿಲ್ಲವಲ್ಲ ಅನುಶ್ರೀ. ನಿಮಗೆ ಆಸಕ್ತಿ ಇಲ್ಲ ಅಂತ ನಾನು ತಿಳಿದಿದ್ದೆ,” ಎಂದರು.

ಮೊದಲು ರವೀಂದ್ರನನ್ನೇ ಕೇಳಬೇಕೆಂದು ಅವಳು ಫೋನಿಟ್ಟಳು. ಕೋಣೆಗೆ ಬಂದು ಕಡತ ತೆರೆದಳು. ಹಳೆಯ ನೋಟುಗಳನ್ನು ಒಂದೊಂದಾಗಿ ಓದಿದಳು. ಜೂನಿನ ನೋಟಿನಲ್ಲಿ ‘ಪತ್ರ ಕಳಿಸುವುದು’ ಎಂದಿತ್ತು. ಜುಲೈ ನೋಟಿನಲ್ಲಿ ಪತ್ರವೇ ಇರಲಿಲ್ಲ. ಆ ಕಡತದಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂದು ನೋಡುವ ಸೌಲಭ್ಯವಿತ್ತು. ಅದನ್ನೂ ತೆರೆದಳು. ಜುಲೈ ನಾಲ್ಕು, ಸಂಜೆ ಆರು ನಲವತ್ತು, ರವೀಂದ್ರ. ಅಳಿಸಿದ ಸಾಲಿನ ಮೇಲೆ ಗೆರೆ ಎಳೆದಿತ್ತು, ಹೊಸ ಸಾಲು ಹಸಿರು ಬಣ್ಣದಲ್ಲಿತ್ತು. ಅದರ ಕೆಳಗೆ ಅವಳದೇ ‘ಸರಿ ಸರ್’.

ಆಗಸ್ಟ್ ಇಪ್ಪತ್ತೊಂಬತ್ತರ ಭೇಟಿಗೆ ಅವಳು ಬರೆದದ್ದು ಒಂದೇ ವಿಷಯ: ‘ಜೂನ್ 6ರ ನಿಮ್ಮ ಮೊದಲ ಸಾಲು.’ ರವೀಂದ್ರ ಅದನ್ನು ಗುರುವಾರ ಸಂಜೆಯೇ ನೋಡಿದ್ದ. ಏನು ಹೇಳಬೇಕು ಎಂದು ಶುಕ್ರವಾರ ಬೆಳಿಗ್ಗೆಯಿಂದ ಯೋಚಿಸುತ್ತಿದ್ದ. ಅವಳು ಮೂರಕ್ಕೆ ಸರಿಯಾಗಿ ಬಂದಳು.

“ಬರ್ರಿ, ಕುಂದರ್ರಿ. ಚಾ ಹೇಳ್ಲೇನು?”

“ಬೇಡ ಸರ್. ಜಗಳ ಮಾಡ್ಲಿಕ್ಕೆ ಬಂದದ್ದಲ್ಲ ನಾನು. ಪತ್ರ ಕಳಿಸಿದ್ರೋ ಇಲ್ವೋ, ಅಷ್ಟು ಹೇಳಿ.”

“ಆ ಟೈಮಿನಾಗ ಕೆಲಸದ ಗದ್ದಲ ಭಾಳ ಇತ್ರಿ. ಸಿಡಿಲಿಂದು ನಿಮಗೇ ಗೊತ್ತೈತಲ್ಲ…”

“ಗೊತ್ತದೆ. ಅದನ್ನ ಸರಿ ಮಾಡಿದ್ದು ನಾನೇ.”

ರವೀಂದ್ರ ಕಿಟಕಿಯ ಕಡೆ ನೋಡಿದ. ಹೊರಗೆ ಯಾರೋ ಪ್ಯಾನೆಲ್ಲುಗಳನ್ನು ಗಾಡಿಗೆ ಏರಿಸುತ್ತಿದ್ದರು.

“ಕಳಸ್ಲಿಲ್ರಿ,” ಎಂದ ಕೊನೆಗೆ.

“ಆಗೂದಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನೇ ವೇದಾ ಮೇಡಂ ಹತ್ರ ಕೇಳ್ತಿದ್ದೆ ಸರ್. ನಿಮ್ಮನ್ನ ಬಿಟ್ಟು ಮೇಲೆ ಹೋಗೂದು ಬೇಡ, ಸಾಲು ಬರೆದಿದ್ದಾರಲ್ಲ, ಮಾಡ್ತಾರೆ ಅಂತ ನಾನು ಸುಮ್ಮನಿದ್ದೆ. ನೀವು ಬರೆಯದೇ ಇದ್ದಿದ್ರೇ ನನಗೆ ಒಳ್ಳೇದಿತ್ತು.” ಅವಳು ಮೊಬೈಲಿನಲ್ಲಿ ಆ ಗೆರೆ ಎಳೆದ ಸಾಲನ್ನು ತೋರಿಸಿದಳು. “ಮತ್ತೆ ಅದನ್ನ ಅಳಿಸಿದ್ದು ಎಂತಕ್ಕೆ? ತಡ ಆಯ್ತು ಅಂದ್ರೆ ನನಗೆ ಅರ್ಥ ಆಗ್ತಿತ್ತು. ಅಳಿಸಿದ್ದು ಅರ್ಥ ಆಗ್ಲಿಲ್ಲ.”

ನೀವು ಹೋದರೆ ಇಲ್ಲಿ ನಡೆಯುವುದಿಲ್ಲ ಎಂಬ ಮಾತು ಅವನ ಬಾಯಿಗೆ ಬಂದಿತ್ತು. ಅದನ್ನು ಹೊಗಳಿಕೆಯಂತೆ ಹೇಳಬಹುದಿತ್ತು, ತಪ್ಪೊಪ್ಪಿಗೆಯಂತೆಯೂ ಹೇಳಬಹುದಿತ್ತು. ಅವನು ಹಾಗೂ ಹೇಳಲಿಲ್ಲ, ಹೀಗೂ ಹೇಳಲಿಲ್ಲ. “ಕಣ್ತಪ್ಪಿನಿಂದ ಆತು,” ಎಂದ.

ಅನುಶ್ರೀ ಅವನ ಮುಖ ನೋಡಿದಳು. “ಇವತ್ತಿನ ನೋಟಲ್ಲಿ ಇದನ್ನ ಬರೀರಿ ಸರ್. ಆದದ್ದು ಆದ ಹಾಗೆ. ಅಷ್ಟು ಸಾಕು ನನಗೆ,” ಎಂದು ಎದ್ದಳು.

ಅವನು “ಬರೀತೀನಿ” ಎಂದ.

ಆ ಸಂಜೆ ಅವನು ಎರಡು ಸಲ ಬರೆದು ಅಳಿಸಿದ. ಈ ಕಡತವನ್ನು ವೇದಾ ಅವರೂ ತೆರೆದು ನೋಡಬಹುದು ಎಂಬುದು ತಲೆಯಲ್ಲಿತ್ತು. ಮೂರನೆಯ ಸಲ ಬರೆದದ್ದು ಹೀಗೆ: ‘ಕಾರಣಾಂತರಗಳಿಂದ ಅನುಶ್ರೀಯವರ ಶಿಫಾರಸು ಸಕಾಲಕ್ಕೆ ಕಳಿಸಲಾಗಲಿಲ್ಲ. ಮುಂದಿನ ಸಲ ಪರಿಗಣಿಸಲಾಗುವುದು.’

ಆ ನೋಟಿನ ಕೆಳಗೆ ‘ಸರಿ ಸರ್’ ಬರಲಿಲ್ಲ. ಶನಿವಾರ ನೋಡಿದ, ಭಾನುವಾರ ನೋಡಿದ. ಸೋಮವಾರ ರಾಜೀನಾಮೆ ಪತ್ರ ಬಂತು. ಎರಡೇ ಸಾಲು, ವೈಯಕ್ತಿಕ ಕಾರಣ, ಒಂದು ತಿಂಗಳ ನೋಟಿಸು.

ರವೀಂದ್ರ ಫೋನು ಮಾಡಿದ. “ಅವಸರ ಮಾಡಬ್ಯಾಡ್ರಿ ಅನುಶ್ರೀ. ಮುಂದಿನ ವರ್ಷ ನಿಮ್ದೇ ಹೆಸರು, ನಾ ಮಾತು ಕೊಡ್ತೀನಿ.”

“ಮಾತು ಬೇಡ ಸರ್,” ಎಂದಳು. ಸಿಟ್ಟಿನಿಂದೇನೂ ಅಲ್ಲ.

ಆ ಒಂದು ತಿಂಗಳು ಅವಳ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆ ಬರಲಿಲ್ಲ. ಸುನೀಲನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಯಲ್ಲಾಪುರದ ಹಳ್ಳಿ ಹಳ್ಳಿ ತೋರಿಸಿದಳು. ಯಾವ ಮನೆಯ ಬ್ಯಾಟರಿ ಯಾವ ವರ್ಷದ್ದು, ಯಾರ ಮನೆಗೆ ಮಳೆಗಾಲದಲ್ಲಿ ಯಾವ ದಾರಿ ಎಂದು ಒಂದು ನೋಟ್‌ಬುಕ್ಕಿನ ತುಂಬ ಬರೆದುಕೊಟ್ಟಳು. ರವೀಂದ್ರನ ಜೊತೆಗಿನ ಭೇಟಿಗೂ ಬಂದಳು. ಬಿಟ್ಟುಹೋಗುವ ಕೆಲಸದ ಪಟ್ಟಿ ಬಿಟ್ಟು ಬೇರೆ ಮಾತಿಲ್ಲ. ‘ರವೀಂದ್ರ ಮಾಡಬೇಕಾದ್ದು’ ಎಂಬ ಜಾಗದಲ್ಲಿ ಅವಳು ಏನನ್ನೂ ಕೇಳಲಿಲ್ಲ.

ಅವಳು ಚೀಲ, ಸ್ಕೂಟರಿನ ಕೀಲಿ ಒಪ್ಪಿಸಿ ಹೋದ ದಿನ ರವೀಂದ್ರ ಬೇಗ ಮನೆಗೆ ಹೋಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕಡತ ತೆರೆದ. ಆಗಸ್ಟಿನ ನೋಟಿನ ಕೆಳಗೆ ಬರೆಯತೊಡಗಿದ. ‘ಜೂನ್ 20ಕ್ಕೆ ಪತ್ರ ಕಳಿಸುತ್ತೇನೆಂದು ಹೇಳಿದ್ದೆ. ಕಳಿಸಲಿಲ್ಲ. ಮರೆತದ್ದಲ್ಲ. ಅನುಶ್ರೀ ಹೋದರೆ ಯಲ್ಲಾಪುರದ ಕೆಲಸ ನಿಲ್ಲುತ್ತದೆಂದು ಹೆದರಿ ಕಳಿಸಲಿಲ್ಲ. ಜುಲೈ 4ರಂದು ಅವರನ್ನು ಕೇಳದೆ ಸಾಲು ತಿದ್ದಿದ್ದು ನಾನೇ. ಕಣ್ತಪ್ಪಿನಿಂದ ಆಯ್ತು ಎಂದು ಅವರಿಗೆ ಹೇಳಿದ್ದು ಸುಳ್ಳು.’ ಓದಿ ನೋಡಿದ. ಇದನ್ನೇ ವೇದಾ ಅವರಿಗೂ ಕಳಿಸಿ, ಅನುಶ್ರೀಯ ಹೆಸರನ್ನು ಈಗಲಾದರೂ ತೆಗೆದುಕೊಳ್ಳಲು ಸಾಧ್ಯವೇ ಎಂದು ಕೇಳಿದ. ಅನುಶ್ರೀಯ ಸ್ವಂತ ಮೊಬೈಲಿಗೂ ಒಂದು ಪ್ರತಿ ಹಾಕಿದ.

ಮರುದಿನ ಬೆಳಿಗ್ಗೆ ವೇದಾ ಅವರ ಫೋನು ಬಂತು.

“ರವೀಂದ್ರ, ಬೈಯೋದಕ್ಕೆ ಫೋನ್ ಮಾಡಿಲ್ಲ,” ಎಂದರು. “ಒಂದು ವಿಷಯ ನಿಮಗೆ ಗೊತ್ತಿರಲಿ ಅಂತ ಮಾಡಿದೆ. ಆಯ್ಕೆಯಾದ ಒಂಬತ್ತು ಜನರಲ್ಲಿ ಒಬ್ಬರು ಬರೋಲ್ಲ ಅಂದರು. ಸೆಪ್ಟೆಂಬರ್ ಹತ್ತರ ತನಕ ಆ ಜಾಗ ಖಾಲಿ ಇತ್ತು. ನಿಮ್ಮ ಆಗಸ್ಟಿನ ನೋಟ್ ನಾನು ನೋಡಿದ್ದೆ. ಕಾರಣಾಂತರ ಅಂತಿತ್ತು. ಅವಳ ಕಡೆಯಿಂದ ಏನೋ ತೊಂದರೆ ಇರಬೇಕು ಅಂತ ನಾನು ಬೇರೆ ಶಾಖೆಯವರನ್ನ ತಗೊಂಡೆ.”

ರವೀಂದ್ರ ಆಗಸ್ಟಿನ ನೋಟನ್ನು ಮತ್ತೆ ತೆರೆದ.

“ಈಗ ಬರೆದದ್ದನ್ನ ಅವತ್ತೇ ಬರೆದಿದ್ದರೆ ಅವಳು ಇವತ್ತು ಹುಬ್ಬಳ್ಳಿಯಲ್ಲಿ ಇರ್ತಿದ್ದಳು,” ಎಂದರು ವೇದಾ. “ಈಗ ತರಬೇತಿ ಶುರುವಾಗಿದೆ. ಅವಳು ನಮ್ಮ ಸಿಬ್ಬಂದಿಯೂ ಅಲ್ಲ. ನಾನು ಏನೂ ಮಾಡೋ ಹಾಗಿಲ್ಲ.”

ಜೂನಿನ ತಪ್ಪನ್ನು ಅವನು ಇಷ್ಟು ದಿನ ಹೇಗೋ ಹೊತ್ತುಕೊಂಡಿದ್ದ. ಆಗಸ್ಟಿನದು ಅದಕ್ಕಿಂತ ಭಾರವಾಗಿ ಬಂತು. ಅವಳು ಕೇಳಿದ್ದು ಪದವಿಯನ್ನಲ್ಲ, ನಾಲ್ಕು ಸಾಲು ನಿಜವನ್ನು. ಅದನ್ನು ಕೊಟ್ಟಿದ್ದರೆ ಪದವಿಯೂ ಸಿಗುತ್ತಿತ್ತು.

ಅನುಶ್ರೀಯಿಂದ ಉತ್ತರ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ರವೀಂದ್ರ ಸಿದ್ದಾಪುರದ ಕಡೆ ಹೊರಟವನು ಕಾನಸೂರಿನಲ್ಲಿ ಜೀಪು ನಿಲ್ಲಿಸಿದ. ಅವಳು ಅಲ್ಲಿ ರಸ್ತೆಬದಿಯಲ್ಲಿ ಒಂದು ಸಣ್ಣ ಅಂಗಡಿ ಹಿಡಿದು ಇನ್ವರ್ಟರ್, ಪಂಪು ರಿಪೇರಿ ಶುರುಮಾಡಿದ್ದಾಳೆ ಎಂದು ಕೇಳಿದ್ದ. ಅವಳು ಒಂದು ಪಂಪನ್ನು ಬಿಚ್ಚಿ ಕೂತಿದ್ದಳು. ಅವನನ್ನು ನೋಡಿ ಎದ್ದು, ಕೈ ಒರೆಸಿಕೊಂಡು ಸ್ಟೂಲು ಕೊಟ್ಟಳು.

“ನಾ ಬರದದ್ದು ಮುಟ್ಟಿತೇನ್ರಿ?” ಎಂದು ಕೇಳಿದ ರವೀಂದ್ರ.

“ಮುಟ್ಟಿದೆ ಸರ್. ಓದಿದೆ. ಅಪ್ಪಯ್ಯನಿಗೂ ಓದಿ ಹೇಳಿದೆ. ಕೆಲಸ ಬಿಟ್ಟದ್ದಕ್ಕೆ ನನ್ನದೇ ಎಂತದೋ ತಪ್ಪಿರ್ಬೇಕು ಅಂತ ಅಪ್ಪಯ್ಯನ ತಲೇಲಿ ಇತ್ತು.”

“ಸೆಪ್ಟೆಂಬರಿನಾಗ ಒಂದು ಜಾಗಾ ಖಾಲಿ ಇತ್ತಂತ. ನಾ ಸರಿಯಾಗಿ ಬರದಿದ್ರ ನಿಮಗ ಸಿಗತಿತ್ತು.” ಇದನ್ನು ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದ. ಮುಚ್ಚಿಡುವುದು ಸಾಕು ಅನಿಸಿತ್ತು.

ಅನುಶ್ರೀ ಪಂಪಿನ ಒಂದು ನಟ್ಟನ್ನು ಎತ್ತಿ ಡಬ್ಬಿಗೆ ಹಾಕಿದಳು. “ಅದನ್ನ ಹೇಳದಿದ್ರೂ ಆಗ್ತಿತ್ತು ಸರ್,” ಎಂದಳು ಮೆಲ್ಲಗೆ. ಆಮೇಲೆ, “ಇರ್ಲಿ, ಹೇಳಿದ್ದು ಒಳ್ಳೇದಾಯ್ತು,” ಎಂದಳು.

“ತಪ್ಪಾತ್ರಿ,” ಎಂದ ರವೀಂದ್ರ.

“ಹೌದು ಸರ್.”

ಅವಳು ಪಕ್ಕದ ಅಂಗಡಿಯಿಂದ ಚಹಾ ತರಿಸಿದಳು. ಇಬ್ಬರೂ ಕುಡಿದರು. ಪಂಪಿನ ಮಾಲೀಕ ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿದ. ಅವಳು ಕೆಲಸಕ್ಕೆ ಕೂತಳು, ರವೀಂದ್ರ ಹೊರಟ.

ಯಲ್ಲಾಪುರದ ಕೆಲಸ ಈಗ ಸುನೀಲನದು. ಅವನ ಜೊತೆಗಿನ ಭೇಟಿಗಳಲ್ಲಿ ರವೀಂದ್ರ ಮೊದಲು ತನ್ನ ಪಟ್ಟಿಯನ್ನೇ ಓದಲು ಶುರುಮಾಡಿದ. ಆಗದ್ದರ ಮುಂದೆ ‘ಆಗಲಿಲ್ಲ’ ಎಂದು ಬರೆದು, ಯಾಕೆಂದೂ ಬರೆಯುತ್ತಿದ್ದ. ಆದರೆ ಓದಲು ಅಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಸುನೀಲ ತನ್ನ ಕೆಲಸಗಳನ್ನು ನೀಟಾಗಿ ಬರೆದಿಡುತ್ತಿದ್ದ. ಮ್ಯಾನೇಜರನಿಂದ ಬೇಕಾದ್ದು ಎಂಬ ಕಡೆ ಏನೂ ಬರೆಯುತ್ತಿರಲಿಲ್ಲ. ಅನುಶ್ರೀಯ ಪತ್ರದ ಕಥೆ ತಿಳಿದ ಶಾಖೆಯ ಉಳಿದವರೂ ಹಾಗೆಯೇ.

ಒಂದು ಶುಕ್ರವಾರ ರವೀಂದ್ರ ಕೇಳಿಯೇಬಿಟ್ಟ. “ಸುನೀಲ, ನಿನಗ ನನ್ನಿಂದ ಏನರ ಬೇಕಲ್ಲ? ಟೂಲ್ಸು, ಟ್ರೇನಿಂಗು, ರಜೆ, ಏನರ. ಹೇಳು, ಬರಕೋತೀನಿ.”

“ಎಂತದೂ ಇಲ್ಲ ಸರ್. ಎಲ್ಲ ಅಡ್ಡಿಲ್ಲ,” ಎಂದ ಸುನೀಲ. ಅವನ ಕೈಬೆರಳಿಗೆ ಪಟ್ಟಿ ಸುತ್ತಿತ್ತು. ರಬ್ಬರ್ ಕೈಗವಸು ಹರಿದು ತಿಂಗಳಾಗಿದೆ ಎಂದು ಸ್ಟೋರಿನವರು ಹೇಳಿದ್ದು ರವೀಂದ್ರನ ಕಿವಿಗೆ ಬಿದ್ದಿತ್ತು.

“ಕೈಗವಸು?”

“ನಾನೇ ಪೇಟೇಲಿ ತಗೊಳ್ತೆ ಸರ್, ಬಿಡಿ.”

ರವೀಂದ್ರ ಎದ್ದು ಸ್ಟೋರಿಗೆ ಹೋಗಿ ತಾನೇ ಹೊಸ ಜೋಡಿ ತಂದು ಮೇಜಿನ ಮೇಲಿಟ್ಟ. ಸುನೀಲ ಥ್ಯಾಂಕ್ಸ್ ಸರ್ ಎಂದು ಚೀಲಕ್ಕೆ ಹಾಕಿಕೊಂಡು, ಯಲ್ಲಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೊರಟ. ರವೀಂದ್ರ ನೋಟು ಬರೆಯಲು ಕೂತ. ತನ್ನ ಹೆಸರಿನ ಕೆಳಗೆ ಬರೆಯಲು ಅವತ್ತೂ ಏನೂ ಇರಲಿಲ್ಲ.